ಹೋಯ್ತು ಅಂದರೆ ಎಲ್ಲಿಗೆ

ನಮ್ಮ ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವವನ ಬಾಯಲ್ಲಿ ‘ಹೋಯ್ತು’ ಅನ್ನುವ ಮಾತಿಗೆ ಮೂರು ಅರ್ಥಗಳಿವೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಒಂದು, ಪರದೆಯ ಮೇಲಿಂದ ಹೋಯ್ತು. ಎರಡು, ಓಡುತ್ತಿರುವ ಸರ್ವರಿನಿಂದ ಹೋಯ್ತು. ಮೂರು, ನಿಜವಾಗಲೂ ಹೋಯ್ತು. ಮೂರಕ್ಕೂ ಅವನು ಒಂದೇ ದನಿಯಲ್ಲಿ, ಒಂದೇ ಮುಖ ಮಾಡಿಕೊಂಡು, ಹೋಯ್ತು ಅನ್ನುತ್ತಾನೆ.

ಅವನನ್ನು ಎಲ್ಲರೂ ಬ್ಯಾಕಪ್ ಮಾವ ಅಂತಲೇ ಕರೆಯುವುದು. ಯಾರ ಮಾವನೂ ಅಲ್ಲ. ಮಾತಿಗೆ ಮುಂಚೆ ‘ಬ್ಯಾಕಪ್ ಇದೆಯಾ?’ ಅಂತ ಕೇಳುವ ಚಾಳಿಗೆ ನರ್ಸಮ್ಮಗಳು ಕಟ್ಟಿದ ಹೆಸರು. ನೆಲಮಾಳಿಗೆಯಲ್ಲಿ ಎಸಿ ಹಾಕಿದ ಒಂದು ಕೋಣೆ ಅವನದು. ಬೇಸಿಗೆಯಲ್ಲಿ ಅವನನ್ನು ಕಂಡು ಹೊಟ್ಟೆ ಉರಿದುಕೊಳ್ಳದವರು ನಮ್ಮಲ್ಲಿ ಯಾರೂ ಇಲ್ಲ.

ನಾನು ದಾಖಲೆ ವಿಭಾಗದವಳು. ಹೆರಿಗೆ ಆಸ್ಪತ್ರೆಯ ದಾಖಲೆ ವಿಭಾಗ ಅಂದರೆ ನೆಲದಿಂದ ಸೂರಿನವರೆಗೆ ಕೇಸ್ ಶೀಟುಗಳು, ಎರಡು ಕಂಪ್ಯೂಟರು, ಒಂದು ಕುಂಟು ಏಣಿ, ಮತ್ತು ನನ್ನ ಬಾಯಿ. ಬಾಯಿ ಸ್ವಲ್ಪ ಜೋರು ಅಂತ ಎಲ್ಲರೂ ಹೇಳುತ್ತಾರೆ. ಜೋರಿಲ್ಲದಿದ್ದರೆ ಇಲ್ಲಿ ಒಂದು ಹಾಳೆಯೂ ಅದರ ಜಾಗದಲ್ಲಿ ಉಳಿಯುವುದಿಲ್ಲ.

ಕಾಗದದ ಕೇಸ್ ಶೀಟಲ್ಲದೆ ನಮ್ಮಲ್ಲಿ ಒಂದು ಆ್ಯಪ್ ಕೂಡ ಇದೆ. ಬಸುರಿಯ ಹೆಸರು ನೋಂದಾಯಿಸಿದ ದಿನದಿಂದ ವಾರಕ್ಕೊಂದು ಮೆಸೇಜು ಬರುತ್ತದೆ. ಈ ವಾರ ನಿಮ್ಮ ಮಗು ನಿಂಬೆಹಣ್ಣಿನಷ್ಟಾಗಿದೆ, ಈ ವಾರ ಮಾವಿನಕಾಯಿಯಷ್ಟಾಗಿದೆ, ಹೀಗೆ. ಜೊತೆಗೊಂದು ಆಲ್ಬಂ. ಸ್ಕ್ಯಾನಿಂಗ್ ಹೊತ್ತಿನಲ್ಲಿ ಅಲ್ಲಿನ ಸಿಸ್ಟರ್ ಟ್ಯಾಬ್ಲೆಟ್ ಹಿಡಿದು ಯಂತ್ರದ ಪರದೆಯನ್ನು ಅರ್ಧ ನಿಮಿಷ ವಿಡಿಯೋ ಮಾಡಿ ಅದರೊಳಗೆ ಹಾಕುತ್ತಾಳೆ. ವೈದ್ಯಕೀಯ ದಾಖಲೆಗೂ ಅದಕ್ಕೂ ಸಂಬಂಧವಿಲ್ಲ. ಮನೆಯವರು ನೋಡಿ ಖುಷಿಪಡಲಿ ಅಂತ, ಅಷ್ಟೆ.

ಆ ಹೆಣ್ಣುಮಗಳು ಬಂದದ್ದು ಈ ಆಲ್ಬಮ್ಮಿನ ವಿಷಯಕ್ಕೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಅಂಗಡಿಯ ಹೆಸರಿದ್ದ ನೀಲಿ ಕೋಟು ಹಾಕಿಕೊಂಡೇ ಬಂದಿದ್ದಳು. ಕೇಸ್ ಶೀಟ್ ತೆಗೆದು ನೋಡಿದೆ. ಏಳನೆಯ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ಆಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ.

“ಅಕ್ಕಾ, ಆ್ಯಪಲ್ಲಿ ಏನೂ ಕಾಣ್ತಿಲ್ಲ,” ಅಂದಳು. “ಮಗು ಹೋದ್ರೆ ಆಸ್ಪತ್ರೆಯವರೇ ತೆಗೆದುಬಿಡ್ತಾರೆ ಅಂದ್ರು ನಮ್ಮನೆಯವರು. ಹೌದಾ?”

ನಾವು ಹಾಗೆಲ್ಲ ತೆಗೆಯುವುದಿಲ್ಲ. ಆದರೆ ಎದುರು ನಿಂತವಳ ಮುಖ ನೋಡಿಕೊಂಡು ನಿಯಮ ಓದಲು ನನ್ನಂಥವಳಿಗೂ ಆಗಲಿಲ್ಲ. “ಏನು ಬೇಕಿತ್ತಮ್ಮ?” ಎಂದು ಕೇಳಿದೆ.

“ಆ ವಿಡಿಯೋ. ಎದೆ ಬಡಿತ ಕೇಳತ್ತಲ್ಲ, ಅದು. ನನ್ ಹತ್ರ ಅದು ಬಿಟ್ರೆ ಬೇರೆ ಏನೂ ಇಲ್ಲ.”

ಕಂಪ್ಯೂಟರಿನಲ್ಲಿ ಹುಡುಕಿದರೆ ಅವಳ ಖಾತೆಯೇ ಇಲ್ಲ. ಅಳಿಸಿದವುಗಳ ಪಟ್ಟಿಯಲ್ಲಿ ಅವಳ ನೋಂದಣಿ ನಂಬರ್ ಮಾತ್ರ ಇತ್ತು. ಅಳಿಸಿ ಎಂದವರ ಹೆಸರು ಅಲ್ಲಿರುವುದಿಲ್ಲ, ಇದ್ದರೆ ಅಳಿಸಿದಂತೆ ಹೇಗಾಗುತ್ತದೆ? ಕೆಳಗೆ ಫೋನ್ ಮಾಡಿ ಮಾವನಿಗೆ ನಂಬರ್ ಹೇಳಿದೆ. ಅವನು ಟಕಟಕ ಅಂತ ಏನೋ ಒತ್ತಿ, “ಹೋಯ್ತು,” ಅಂದ.

“ಪೂರ್ತಿ?”

“ಶಾಶ್ವತವಾಗಿ ಅಳಿಸಿ ಅಂತ ಒತ್ತಿದ್ದಾರೆ. ಹೋಯ್ತು.”

ಅವಳಿಗೆ ಹಾಗೇ ಹೇಳಿದೆ. ಅವಳು ಅಳಲಿಲ್ಲ, ಜಗಳ ಆಡಲಿಲ್ಲ. “ನಮ್ಮನೆಯವರ ಅಕ್ಕನ ಫೋನಲ್ಲಿತ್ತು, ಅವರೂ ತೆಗೆದುಬಿಟ್ಟಿದ್ದಾರೆ,” ಅಂದಳು. ಆಮೇಲೆ ಕುರ್ಚಿಯನ್ನು ಅದರ ಜಾಗಕ್ಕೆ ಸರಿಸಿಟ್ಟು, ಥ್ಯಾಂಕ್ಸ್ ಅಕ್ಕ ಅಂತ ಹೊರಟುಹೋದಳು. ನಮ್ಮಲ್ಲಿಗೆ ಬಂದು ಕುರ್ಚಿ ಸರಿಸಿಟ್ಟು ಹೋದವರು ಬಹಳ ಮಂದಿ ಇಲ್ಲ. ಆವತ್ತು ಮಧ್ಯಾಹ್ನ ಊಟ ಸೇರಲಿಲ್ಲ ನನಗೆ.

ಇದಾಗಿ ಸ್ವಲ್ಪ ದಿನಕ್ಕೆ ನಮ್ಮ ಸರ್ವರ್ ಮಲಗಿತು. ಡಿಸ್ಕುಗಳನ್ನೆಲ್ಲ ಜೋಡಿಸಿಟ್ಟ ಪೆಟ್ಟಿಗೆ ಇದೆಯಲ್ಲ, ಅದೇ ಕೆಟ್ಟು, ಒಳಗಿದ್ದ ದಾಖಲೆಗಳನ್ನೆಲ್ಲ ಕಲಸುಮೇಲೋಗರ ಮಾಡಿಹಾಕಿತು. ಪ್ರತಿದಿನದ ಬ್ಯಾಕಪ್ ಇತ್ತು ನಿಜ. ಆದರೆ ಅದನ್ನು ಇಟ್ಟಿದ್ದೂ ಅದೇ ಪೆಟ್ಟಿಗೆಯಲ್ಲಿ. ಇನ್ನೊಂದು ಪೆಟ್ಟಿಗೆ ಕೊಡಿಸಿ ಅಂತ ಮಾವ ಮ್ಯಾನೇಜರನ್ನು ಕೇಳಿ ಕೇಳಿ ಸಾಕಾಗಿದ್ದ. ಉಳಿದಿದ್ದು ತಿಂಗಳಿಗೊಮ್ಮೆ ತೆಗೆದು ಪಕ್ಕದ ಕಟ್ಟಡದ ಔಷಧಿ ದಾಸ್ತಾನಿನ ಬೀರುವಿನಲ್ಲಿಡುವ ಡಿಸ್ಕು ಒಂದೇ. ಅದರಿಂದ ಎಲ್ಲವನ್ನೂ ಮರಳಿ ತಂದರು. ತಿಂಗಳ ಮೊದಲಿಂದ ಈಚೆಗಿನದನ್ನು ಕಾಗದ ನೋಡಿಕೊಂಡು ನಾವು ಕೂತು ತುಂಬಬೇಕಾಯಿತು. ನನ್ನ ಬೆರಳುಗಳು ಬೆಂಡಾದವು. ಮಾವನನ್ನು ಬೈಯಲು ಕಾರಣ ಹುಡುಕುತ್ತಿದ್ದೆ, ಅವನ ಕೆಂಪು ಕಣ್ಣು ನೋಡಿ ಬಿಟ್ಟುಬಿಟ್ಟೆ.

ಎಲ್ಲ ಸರಿಹೋಯಿತು ಅಂದುಕೊಂಡ ಮಾರನೆಯ ದಿನ ಬೆಳಿಗ್ಗೆ ಒಬ್ಬ ಬಾಗಿಲಲ್ಲಿ ಬಂದು ನಿಂತ. ಎತ್ತರದ ಆಳು, ಕೈತುಂಬ ಗ್ರೀಸು, ಅಂಗಿಯ ಜೇಬಿನಲ್ಲಿ ಟೆಸ್ಟರ್. ಲಿಫ್ಟ್ ರಿಪೇರಿ ಮಾಡುವವನು. ನಮ್ಮ ಲಿಫ್ಟ್ ವಾರಕ್ಕೆರಡು ಸಲ ಕೆಡುವುದರಿಂದ ಅದಕ್ಕೇ ಬಂದಿದ್ದಾನೆ ಅಂದುಕೊಂಡು, “ಆ ಕಡೆ ಹೋಗಪ್ಪ,” ಅಂದೆ.

ಅವನು ಒಳಗೆ ಬಂದು ಫೋನನ್ನು ನನ್ನ ಮೇಜಿನ ಮೇಲಿಟ್ಟ. “ಇದನ್ನ ಓದಿ,” ಅಂದ.

ನಮ್ಮ ಆ್ಯಪಿನ ಮೆಸೇಜು. ‘ಅಭಿನಂದನೆಗಳು! ಈ ವಾರ ನಿಮ್ಮ ಮಗು ಪರಂಗಿ ಹಣ್ಣಿನಷ್ಟು ದೊಡ್ಡದಾಗಿದೆ. ಒದೆತ ಎಣಿಸುತ್ತಿದ್ದೀರಾ?’

ಪರಂಗಿ ಅಂದರೆ ಎಂಟನೆಯ ತಿಂಗಳು, ಅವನ ಮುಖ ನೋಡಿ ಹೆಸರು ಕೇಳದೆಯೇ ನನಗೆ ಗೊತ್ತಾಯಿತು. ನೀಲಿ ಕೋಟಿನವಳ ಗಂಡ.

“ನನ್ ಮಗು ಹೋಗಿ ತಿಂಗಳಾಗ್ತಾ ಬಂತು,” ಅಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಸುಲಭವಾಗುತ್ತಿತ್ತು. “ಶಾಶ್ವತವಾಗಿ ಅಳಿಸ್ತೀವಿ, ಮತ್ತೆ ಪಡೆಯೋಕಾಗಲ್ಲ ಅಂತ ನಿಮ್ ಆ್ಯಪೇ ಹೇಳ್ತು. ಎರಡು ಸಲ ಕೇಳ್ತು. ನಾನು ಎರಡು ಸಲನೂ ಹೌದು ಅಂತ ಒತ್ತಿದೆ. ಇದು ಎಲ್ಲಿಂದ ಬಂತು?”

“ಒತ್ತಿದ್ದು ನೀವಾ?”

“ನಾನೇ. ನಂಬರ್ ನಂದೇ ಕೊಟ್ಟಿದ್ದು. ಒಟಿಪಿ ನಂಗೇ ಬಂತು.”

ನಮ್ಮ ಸ್ವಾಗತದ ಹುಡುಗಿಯರು, ಬಂದವರು ಯಾವ ಫೋನ್ ನಂಬರ್ ಹೇಳುತ್ತಾರೋ ಅದನ್ನೇ ಖಾತೆಗೆ ಕಟ್ಟುತ್ತಾರೆ. ಹತ್ತರಲ್ಲಿ ಎಂಟು ಗಂಡಂದಿರದು. ಬಸುರಿ ಒಬ್ಬಳು, ಖಾತೆದಾರ ಇನ್ನೊಬ್ಬ. ಅಳಿಸಿ ಅಂತ ಕೋರಿಕೆ ಬಂದಾಗ ನನ್ನ ಪರದೆಯ ಮೇಲೆ ಬರುವುದು ‘ಖಾತೆದಾರರ ಕೋರಿಕೆ’ ಎಂಬ ಎರಡೇ ಪದ. ಖಾತೆದಾರ ಯಾರು, ಹೊಟ್ಟೆ ಯಾರದು ಅಂತ ಆ್ಯಪ್ ಮಾಡಿದ ಮಹಾನುಭಾವರಿಗೆ ಹೊಳೆದಿರಲೇ ಇಲ್ಲ. ನೋಡಿ ಒಪ್ಪಿಗೆ ಒತ್ತುವ ನಮಗೂ ಹೊಳೆದಿರಲಿಲ್ಲ.

ಮಾವನನ್ನು ಮೇಲಕ್ಕೆ ಕರೆಸಿದೆ. ಅವನು ಮೆಸೇಜ್ ನೋಡಿ ತಲೆ ಮೇಲೆ ಕೈಯಿಟ್ಟುಕೊಂಡು ನನ್ನ ಕುಂಟು ಏಣಿಯ ಮೇಲೆಯೇ ಕುಳಿತ.

“ಅಳಿಸಿದ್ದು ನಿಜ ಸರ್,” ಅಂದ. “ಓಡ್ತಾ ಇರೋ ಸರ್ವರಿಂದ ಅವತ್ತೇ ಹೋಯ್ತು. ಅಂದ್ರೆ ಆ ಜಾಗ ಖಾಲಿ ಅಂತ ಗುರುತಾಗತ್ತೆ, ಆಮೇಲೆ ಹೊಸದು ಬಂದು ಅದರ ಮೇಲೆ ಕೂರತ್ತೆ. ಆದ್ರೆ ಅಳಿಸೋಕೆ ಮುಂಚೆ ತೆಗೆದ ಬ್ಯಾಕಪ್ ಇರತ್ತಲ್ಲ, ಅದನ್ನ ನಾವು ಬಿಚ್ಚಿ ಒಬ್ಬೊಬ್ಬರದನ್ನೇ ತೆಗೆಯೋಕಾಗಲ್ಲ. ದಿನದ್ದು ತಿಂಗಳವರೆಗೆ ಇರತ್ತೆ, ತಿಂಗಳದ್ದು ವರ್ಷ ಇರತ್ತೆ. ಸರದಿ ಬಂದಾಗ ಅದರ ಮೇಲೆ ಹೊಸದು ಬರೆದು ಹೋಗತ್ತೆ. ಅಲ್ಲೀವರೆಗೆ ಅದನ್ನ ಯಾರೂ ಮುಟ್ಟೋ ಹಾಗಿಲ್ಲ.”

“ಮತ್ತೆ ಯಾಕೆ ಮುಟ್ಟಿದ್ರಿ?”

“ಸರ್ವರ್ ಸತ್ತೋಯ್ತು ಸರ್. ಬ್ಯಾಕಪ್ಪಿಂದ ತರಬೇಕಾಯ್ತು. ತಂದಮೇಲೆ ಅಳಿಸಿದವರ ಪಟ್ಟಿ ಹಾಕಿ ಇನ್ನೊಂದ್ಸಲ ಅಳಿಸಬೇಕು, ಅದು ಕ್ರಮ. ಅದನ್ನೂ ಮಾಡಿದೆ.”

“ಮಾಡಿದ್ರೆ ಇದೇನು?”

ಮಾವ ಮೆಸೇಜನ್ನು ಇನ್ನೊಂದು ಸಲ ಓದಿದ. “ಪಟ್ಟಿನೂ ಅದೇ ಡೇಟಾಬೇಸ್ ಒಳಗಿತ್ತು,” ಅಂದ. “ತಿಂಗಳ ಹಿಂದಿನ ಡೇಟಾ ತಂದಾಗ ತಿಂಗಳ ಹಿಂದಿನ ಪಟ್ಟಿನೇ ಬಂತು. ಅದರಲ್ಲಿ ನೀವಿಲ್ಲ.”

ನನಗೆ ನಗು ಬರುವ ಹೊತ್ತಲ್ಲ, ಆದರೂ ಬಂತು, ತಡೆದುಕೊಂಡೆ. ಯಾರನ್ನು ಮರೆಯಬೇಕು ಅಂತ ಬರೆದಿಟ್ಟುಕೊಂಡ ಚೀಟಿಯನ್ನೇ ಮರೆತಿದ್ದೆವು. ಡೇಟಾಬೇಸ್ ಕಟ್ಟಿಕೊಟ್ಟ ಕಂಪನಿಯವರೂ ಓದಿದವರೇ, ಮಾವನೂ ಓದಿದವನೇ. ಮೆಸೇಜ್ ಕಳಿಸುವ ವ್ಯವಸ್ಥೆಯನ್ನಾದರೂ ಎಲ್ಲ ನೋಡಿ ಆಮೇಲೆ ಶುರುಮಾಡೋಣ ಅಂತ ಯಾರಿಗೂ ಹೊಳೆದಿರಲಿಲ್ಲ. ಅದು ಬೆಳಿಗ್ಗೆ ತಾನಾಗಿ ಎದ್ದು ತನ್ನ ಕೆಲಸ ಮಾಡಿತ್ತು.

“ಈಗ್ಲೇ ಅಳಿಸಿ,” ಅಂದ ಅವನು. “ನನ್ ಕಣ್ಣೆದುರಿಗೆ. ಅವಳಿಗೆ ಗೊತ್ತಾಗೋ ಮುಂಚೆ. ಈಗೀಗ ಎರಡು ತುತ್ತು ತಿಂತಿದ್ದಾಳೆ, ಕೆಲಸಕ್ಕೆ ಹೋಗ್ತಿದ್ದಾಳೆ. ಪುಣ್ಯಕ್ಕೆ ಮೆಸೇಜ್ ಬಂದಿದ್ದು ನನ್ ಫೋನಿಗೆ.”

“ಆ ಮೆಸೇಜು ಕಳಿಸೋ ಕಂಪನಿಯವರ ಹತ್ರನೂ ಅದರ ಪ್ರತಿ ಕೆಲವು ತಿಂಗಳು ಇರತ್ತೆ,” ಅಂದ ಮಾವ. ಸತ್ಯ ಹೇಳುವುದಕ್ಕೆ ಅವನಿಗೆ ಹೊತ್ತುಗೊತ್ತು ಇಲ್ಲ. “ಅದು ನಮ್ ಕೈಲಿಲ್ಲ.”

“ಕೇಸ್ ಶೀಟೂ ಅಳಿಸೋ ಹಾಗಿಲ್ಲಪ್ಪ,” ಅಂದೆ ನಾನು. “ಅದು ಮುಂದಿನ ಸಲ ಡಾಕ್ಟರಿಗೆ ಬೇಕಾಗತ್ತೆ.”

ಅವನು ಕುಸಿದು ಕುಳಿತ. ಕೈಯ ಗ್ರೀಸು ಕುರ್ಚಿಗೆ ಹತ್ತಿತು, ನೋಡಿಯೂ ಸುಮ್ಮನಿದ್ದೆ.

“ನಾನು ಎಲ್ರ ಮನೆಗೂ ಹೋದೆ ಅಮ್ಮ,” ಅಂದ. ಈಗ ಅವನಿಗೆ ನಾನು ಅಮ್ಮ ಆಗಿದ್ದೆ. “ಅಕ್ಕ, ಭಾವ, ಚಿಕ್ಕಪ್ಪನ ಮಕ್ಕಳು, ಯಾರ್ಯಾರಿಗೆ ವಿಡಿಯೋ ಕಳಿಸಿದ್ನೋ ಅವರೆಲ್ಲರ ಫೋನ್ ಈಸ್ಕೊಂಡು ನಾನೇ ತೆಗೆದೆ. ಕಸದಬುಟ್ಟಿ ಅಂತ ಇರತ್ತಲ್ಲ ಫೋನಲ್ಲಿ, ಅಲ್ಲೂ ತೆಗೆದೆ. ನಮ್ಮಕ್ಕನ ಫೋನ್ ಎಲ್ಲಾನೂ ಎಲ್ಲೋ ಮೋಡದಲ್ಲಿ ಇಟ್ಕೊಂಡಿರತ್ತಂತೆ, ಅಲ್ಲೂ ಹುಡುಕಿ ತೆಗೆಸಿದೆ. ಯಾರ ಮನೇಲಿ ಕೂತಿದ್ದಾಗ ಎಲ್ಲಿಂದ ಕೇಳಿಸಿಬಿಡತ್ತೋ ಅಂತ. ಆ ಸದ್ದು ಕೇಳಿದ್ರೆ ಅವಳು ಉಳಿಯಲ್ಲ.”

“ಅವರನ್ನ ಕೇಳಿದ್ರಾ?” ಅಂದೆ.

“ಯಾರನ್ನ?”

“ನಿಮ್ ಹೆಂಡ್ತೀನ.”

“ಇಂಥದ್ದನ್ನ ಹೇಗೆ ಕೇಳೋದು? ಆಸ್ಪತ್ರೆಯವರೇ ತೆಗೆದ್ರು ಅಂದೆ. ಸುಮ್ಮನಾದ್ಲು.”

ಸುಮ್ಮನಾಗಿರಲಿಲ್ಲ. ನೀಲಿ ಕೋಟಿನಲ್ಲಿ ಬಂದು ಇದೇ ಕುರ್ಚಿಯಲ್ಲಿ ಕುಳಿತಿದ್ದಳು. ನನ್ನ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ. ಒಬ್ಬ ಪೇಷೆಂಟ್ ನಮ್ಮಲ್ಲಿ ಬಂದು ಏನು ಕೇಳಿದಳು ಅನ್ನುವುದನ್ನು ಕಟ್ಟಿಕೊಂಡ ಗಂಡನಿಗೂ ಹೇಳುವಂತಿಲ್ಲ. ಜೀವಮಾನದಲ್ಲಿ ಬಾಯಿ ಮುಚ್ಚಿಕೊಂಡಿರುವುದು ಇಷ್ಟು ಕಷ್ಟ ಅಂತ ಯಾವತ್ತೂ ಅನಿಸಿರಲಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಫೋನ್ ಮಾಡಿದರು. ಬೇರೆಯವರಿಂದಲೂ ದೂರು ಬಂದಿತ್ತು. ಮೆಸೇಜ್ ನಿಲ್ಲಿಸಿ, ಸಂಜೆಯೊಳಗೆ ಪಟ್ಟಿ ಸರಿಮಾಡಿ, ಅಳಿಸಿದ್ದವರನ್ನೆಲ್ಲ ಮತ್ತೆ ಅಳಿಸಿ, ಇದು ದೊಡ್ಡದಾಗಬಾರದು ಅಂದರು. ಅಳಿಸುವ ಪ್ರತಿ ಒಪ್ಪಿಗೆಗೂ ಒಂದು ಇಮೇಲ್ ನನ್ನ ವಿಭಾಗಕ್ಕೆ ಬರುತ್ತಿತ್ತು, ಇಮೇಲ್ ಇರುವುದು ಬೇರೆಯವರ ಸರ್ವರಿನಲ್ಲಿ, ಅದಕ್ಕೇನೂ ಆಗಿರಲಿಲ್ಲ. ಅದರಿಂದ ನಂಬರುಗಳನ್ನು ತೆಗೆದು ಮಾವನಿಗೆ ಕೊಟ್ಟರೆ ಮುಗಿಯಿತು.

ಲಿಫ್ಟಿನವನನ್ನು ಅಲ್ಲೇ ಕೂರಿಸಿ, ಮಾವನನ್ನು ಕಾರಿಡಾರಿಗೆ ಎಳೆದುಕೊಂಡು ಹೋದೆ.

“ಆ ವಿಡಿಯೋನೂ ವಾಪಸ್ ಬಂದಿದೆಯಾ?”

“ಎಲ್ಲಾ ಬಂದಿದೆ. ಆಲ್ಬಂ ಸಮೇತ.”

“ಅವತ್ತು ಹೋಯ್ತು ಅಂದೆಯಲ್ಲೋ ಮಾರಾಯ!”

“ಹೋಗಿತ್ತು. ಓಡೋ ಸರ್ವರಿಂದ.”

“ಬ್ಯಾಕಪ್ಪಲ್ಲಿ ಇತ್ತು ತಾನೇ ಅವತ್ತೂ?”

“ಇತ್ತು. ಆದ್ರೆ ಅಳಿಸಿ ಅಂದಮೇಲೆ ಅದನ್ನ ಹೊರಗೆ ತೆಗೆಯೋ ಹಾಗಿಲ್ಲ. ತೆಗೆಯೋ ಹಾಗಿಲ್ಲದ್ದು ನಂಗೆ ಹೋದ ಹಾಗೇ. ಅದಕ್ಕೆ ಹೋಯ್ತು ಅಂದೆ.”

ಎರಡು ಬಾರಿಸಬೇಕು ಅನ್ನಿಸಿತು. ಆದರೆ ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಳಿಸಿ ಅಂತ ಒಬ್ಬರು ಹೇಳಿದ್ದನ್ನು ನಮಗೆ ಬೇಕಾದಾಗ ಬೀರುವಿನಿಂದ ತೆಗೆದು ನೋಡುವುದಾದರೆ ನಮ್ಮನ್ನು ಯಾರು ನಂಬುತ್ತಾರೆ? ತಪ್ಪು ಅದಕ್ಕಿಂತ ಹಿಂದಿನದು. ಅಳಿಸಿ ಅನ್ನಬೇಕಾದವಳು ಅಂದಿರಲೇ ಇಲ್ಲ.

“ಆ ಒಂದು ನಂಬರ್ ಬಿಟ್ಟು ಬಾಕಿ ಎಲ್ಲಾ ಅಳಿಸು,” ಅಂದೆ.

“ಮ್ಯಾನೇಜರು—”

“ಮ್ಯಾನೇಜರಿಗೆ ನಾನು ಹೇಳ್ತೀನಿ. ಪೇಷೆಂಟು ಅವಳು. ಅವಳ ದಾಖಲೆ. ಅವಳ ಒಪ್ಪಿಗೆ ಇಲ್ಲದ ಕೋರಿಕೆ ಕೋರಿಕೇನೇ ಅಲ್ಲ. ಮೆಸೇಜು ಮಾತ್ರ ನಿಲ್ಲಿಸು.”

ಮಾವ ಗಲ್ಲ ಕೆರೆದುಕೊಂಡ. “ಬರಹದಲ್ಲಿ ಕೊಡ್ತೀಯಾ?” ಅಂದ. ಕೊಟ್ಟೆ. ಮ್ಯಾನೇಜರಿಗೂ ಫೋನಿನಲ್ಲಿ ಹೇಳಿದೆ. ಅವರು ನಾಳೆಯವರೆಗೆ ಮಾತ್ರ ಅಂದರು. ನಾಳೆಗೂ ಪೇಷೆಂಟ್ ಬಂದು ಅಳಿಸುವುದು ಬೇಡ ಅನ್ನದಿದ್ದರೆ, ಈಗಾಗಲೇ ಬಂದಿರುವ ಕೋರಿಕೆಯ ಪ್ರಕಾರ ಅಳಿಸಿಬಿಡಬೇಕು. ಆಮೇಲೆ ಬ್ಯಾಕಪ್ಪಲ್ಲಿದ್ದರೂ ಮುಟ್ಟುವಂತಿಲ್ಲ.

ಒಳಗೆ ಬಂದು ಅವನ ಎದುರು ಕುಳಿತೆ. “ಮೆಸೇಜು ಇನ್ನು ಬರಲ್ಲ,” ಅಂದೆ. “ಆದರೆ ಖಾತೆ ಅಳಿಸೋಕೆ ನಿಮ್ ಹೆಂಡ್ತಿ ಬರಬೇಕು. ನಿಮ್ಮ ಮಾತು ಸಾಲಲ್ಲ.”

“ನಾನೇ ಅಲ್ವಾ ಅವತ್ತು ಅಳಿಸಿದ್ದು?”

“ಅವತ್ತು ತಪ್ಪಾಯ್ತು. ನಮ್ದೂ ತಪ್ಪು.”

“ಅಮ್ಮ, ಅವಳನ್ನ ಇದಕ್ಕೆ ಎಳೀಬೇಡಿ. ಕೈ ಮುಗೀತೀನಿ.” ನಿಜವಾಗಲೂ ಮುಗಿದ. “ಅವಳಿಗೆ ಇದು ಬೇಡ. ನಂಗ್ಗೊತ್ತು.”

“ಗೊತ್ತಾ?” ಅಂದೆ.

ಅಷ್ಟೇ ಅಂದದ್ದು. ಆದರೆ ನನ್ನ ದನಿಯಲ್ಲಿ ಏನಿತ್ತೋ, ಅವನು ತಲೆ ಎತ್ತಿ ನೋಡಿದ.

“ಅವಳು ಇಲ್ಲಿಗೆ ಬಂದಿದ್ಲಾ?”

“ಪೇಷೆಂಟ್ ವಿಷಯ ನಾನು ಯಾರಿಗೂ ಹೇಳೋ ಹಾಗಿಲ್ಲ.”

“ಬಂದಿದ್ಲಾ ಅಮ್ಮ?”

ನಾನು ಏಣಿ ನೋಡಿದೆ, ಫ್ಯಾನ್ ನೋಡಿದೆ. ಸುಳ್ಳು ಹೇಳಲು ಬರದವರು ಸುಮ್ಮನಿದ್ದರೂ ಹೇಳಿದಂತೆಯೇ ಆಗುತ್ತದೆ. ಅವನು ಎದ್ದು ಹೊರಗೆ ಹೋದ. ಕಿಟಕಿಯಿಂದ ಕಾಣುತ್ತಿತ್ತು, ಸೈಕಲ್ ಸ್ಟ್ಯಾಂಡಿನ ಪಕ್ಕ ಅಡ್ಡಾಡಿದ, ಫೋನ್ ತೆಗೆದ, ಒಳಗಿಟ್ಟ, ಮತ್ತೆ ತೆಗೆದ. ನಮ್ಮ ಲಿಫ್ಟು ಆ ಹೊತ್ತಿಗೇ ಕೆಟ್ಟು ಯಾರೋ ಒಳಗಿಂದ ಗಂಟೆ ಬಾರಿಸುತ್ತಿದ್ದರು. ಅವನಿಗೆ ಅದು ಕೇಳಿಸಲೇ ಇಲ್ಲ. ಕೊನೆಗೆ ಫೋನ್ ಕಿವಿಗಿಟ್ಟುಕೊಂಡ.

ಊಟದ ಹೊತ್ತು ಕಳೆದ ಮೇಲೆ ಅವಳು ಬಂದಳು. ಅದೇ ನೀಲಿ ಕೋಟು. ಗಂಡ ಹಿಂದೆ ನಿಂತಿದ್ದ. ಅವನು ಎಷ್ಟು ಹೇಳಿದ್ದನೋ ಗೊತ್ತಿಲ್ಲ, ಪೂರ್ತಿ ಹೇಳಿರಲಿಲ್ಲ. ಯಾಕೆಂದರೆ ಅವಳು ಮೊದಲು ಕೇಳಿದ್ದು ನನ್ನನ್ನು.

“ಹೋಯ್ತು ಅಂದಿದ್ರಿ ಅಕ್ಕ.”

“ಅಂದಿದ್ದೆ. ಅದು ಅರ್ಧ ಸತ್ಯ ಆಗಿತ್ತು, ನಂಗೆ ಗೊತ್ತಿರಲಿಲ್ಲ,” ಎಂದೆ. ಬ್ಯಾಕಪ್ಪು, ಸರ್ವರ್ ಕೆಟ್ಟದ್ದು, ಪಟ್ಟಿ, ಎಲ್ಲವನ್ನೂ ತಿಳಿಯುವ ಮಾತಿನಲ್ಲಿ ಹೇಳಿದೆ. ಮಾವ ನಡುವೆ ಎರಡು ಸಲ ತಿದ್ದಿದ. ಅವಳು ಗಮನವಿಟ್ಟು ಕೇಳಿದಳು.

“ಹಾಗಾದ್ರೆ ನೀವಾಗಿ ತೆಗೆದಿರಲಿಲ್ಲ,” ಅಂದಳು.

“ಇಲ್ಲ. ಕೋರಿಕೆ ಬಂದಿತ್ತು.”

“ಯಾರಿಂದ?”

ಇದಕ್ಕೆ ಉತ್ತರ ಕೊಡಬೇಕಾದದ್ದು ನಾನೇ. ಅವಳ ದಾಖಲೆ, ಅವಳ ಹಕ್ಕು. ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಹಿಂದಿನಿಂದ, “ನಾನೇ ಕಣೇ,” ಅಂದ ಅವನು.

ಅವಳು ತಿರುಗಲಿಲ್ಲ. ಮೇಜಿನ ಮೇಲಿದ್ದ ನನ್ನ ಸ್ಟೇಪ್ಲರ್ ನೋಡುತ್ತ ನಿಂತಳು. “ನಿಮ್ಮಕ್ಕನ ಫೋನಿಂದಲೂ?”

“ಹೂಂ. ಎಲ್ಲಾ ಕಡೆಯಿಂದ್ಲೂ.”

“ನನ್ನ ಒಂದು ಮಾತು ಕೇಳಲಿಲ್ಲ.”

ನನಗೆ ಅವನ ಮೇಲೆ ಸಿಟ್ಟಿತ್ತು, ಅಷ್ಟೇ ಅಯ್ಯೋ ಅನಿಸುತ್ತಿತ್ತು. ಎರಡೂ ಒಟ್ಟಿಗೆ ಆದರೆ ಮನುಷ್ಯರಿಗೆ ಸುಸ್ತಾಗುತ್ತದೆ.

“ತೋರಿಸಿ ಅಕ್ಕ,” ಅಂದಳು.

ಮಾವ ಖಾತೆ ತೆರೆದುಕೊಟ್ಟು ಬಾಗಿಲ ಹತ್ತಿರ ಹೋಗಿ ನಿಂತ. ನಾನು ಕಂಪ್ಯೂಟರನ್ನು ಅವಳ ಕಡೆಗೆ ತಿರುಗಿಸಿದೆ. ಲಿಫ್ಟಿನವನು ಹೊರಗೆ ಹೋಗಲು ಹೆಜ್ಜೆ ಎತ್ತಿದ. “ಇಲ್ಲೇ ಇರಿ,” ಅಂದಳು ಅವಳು, ಹಿಂದೆ ನೋಡದೆ. ಅವನು ನಿಂತ.

ವಿಡಿಯೋ ಅಂದರೆ ಏನು ಮಹಾ. ಕಪ್ಪು ಪರದೆ, ಬೂದು ಬಣ್ಣದ ಕಲೆಗಳು, ಸಿಸ್ಟರ್ ಕೈ ನಡುಗಿ ಆಚೀಚೆ ಅಲ್ಲಾಡುವ ಚಿತ್ರ. ಆಮೇಲೆ ಸದ್ದು ಬಂತು. ಧಡಧಡ ಧಡಧಡ, ಎಲ್ಲಿಗೋ ತಡವಾದವರು ಓಡಿದಂತೆ. ಈ ಆಸ್ಪತ್ರೆಯಲ್ಲಿ ಆ ಸದ್ದನ್ನು ನಾನು ಸಾವಿರ ಸಲ ಕೇಳಿದ್ದೇನೆ, ಕೇಳಿಯೂ ಕೇಳದಂತೆ ಕಾಗದ ಜೋಡಿಸಿದ್ದೇನೆ. ಆವತ್ತು ಕೈ ಕಟ್ಟಿಕೊಂಡು ಪೂರ್ತಿ ಕೇಳಿದೆ.

ಟ್ಯಾಬ್ಲೆಟ್ಟಿನಲ್ಲಿ ಮಾಡಿದ ವಿಡಿಯೋ ಆದ್ದರಿಂದ ಕೋಣೆಯ ಮಾತೂ ಅದರಲ್ಲಿತ್ತು. ಗಂಡಸಿನ ದನಿಯೊಂದು, “ನೋಡೇ, ಒದೀತಾ ಇದೆ! ನೋಡೇ! ಅಯ್ಯೋ ಇವನ!” ಎಂದು ಕೂಗಿ, ನಗತೊಡಗಿತು. ಸಣ್ಣ ನಗುವಲ್ಲ. ಹೊಟ್ಟೆಯಿಂದ ಬಂದ, ನಿಲ್ಲಿಸಲು ಹೋಗಿ ಇನ್ನೂ ಜಾಸ್ತಿಯಾದ ನಗು. ಡಾಕ್ಟರು ‘ಸ್ವಲ್ಪ ಸುಮ್ಮನಿರಿ ಸ್ವಾಮಿ, ಕೈ ಅಲುಗತ್ತೆ’ ಅಂದರು. ಆಗ ಹೆಂಗಸೂ ನಗಲು ಶುರುಮಾಡಿದಳು. ಅಲ್ಲಿಗೆ ಮುಗಿಯಿತು.

ನಾನು ಹಿಂದೆ ನೋಡಿದೆ. ಎತ್ತರದ ಆ ಆಳು ಕೇಸ್ ಶೀಟುಗಳ ಕಪಾಟಿಗೆ ಹಣೆ ಒತ್ತಿಕೊಂಡು ನಿಂತಿದ್ದ. ಮನೆಮನೆಗೆ ಹೋಗಿ ಆ ವಿಡಿಯೋ ಅಳಿಸಿದ್ದವನು ಅಳಿಸುವ ಹೊತ್ತಿಗೆ ಒಂದು ಸಲವೂ ಅದನ್ನು ಹಾಕಿ ಕೇಳಿರಲಿಲ್ಲ ಎಂದು ಆಗ ನನಗೆ ಅರ್ಥವಾಯಿತು. ಅದರಲ್ಲಿ ತನ್ನ ದನಿ ಇದೆ ಅನ್ನುವುದೇ ಅವನಿಗೆ ನೆನಪಿರಲಿಲ್ಲ.

“ಇನ್ನೊಂದ್ಸಲ ಹಾಕ್ಲಾ?” ಅಂದೆ.

“ಬೇಡ. ನನ್ ಫೋನಿಗೆ ಹಾಕ್ಕೊಡಿ.”

ಮಾವ ವೈರ್ ಹಾಕಿ ಅವಳ ಫೋನಿಗೆ ಇಳಿಸಿದ. ಖಾತೆಯಲ್ಲಿದ್ದ ಗಂಡನ ನಂಬರ್ ತೆಗೆದು ಅವಳ ನಂಬರ್ ಹಾಕಿದೆ, ಒಟಿಪಿ ಅವಳಿಗೆ ಬಂತು. ಇಲ್ಲಿ ಉಳಿಸಲಾ, ಅಳಿಸಲಾ ಅಂತ ಕೇಳಿದೆ. ಇವತ್ತು ಅಳಿಸಿದರೆ ಸರ್ವರಿನಿಂದ ಇವತ್ತೇ ಹೋಗುತ್ತದೆ, ದಿನದ ಬ್ಯಾಕಪ್ಪಿನಿಂದ ತಿಂಗಳಲ್ಲಿ, ಬೀರುವಿನ ಡಿಸ್ಕಿನಿಂದ ವರ್ಷದೊಳಗೆ ಎಂದು ಮಾವ ಬಾಗಿಲಿಂದಲೇ ಬಿಡಿಸಿ ಹೇಳಿದ. ಪಟ್ಟಿ ಇನ್ನು ಮುಂದೆ ಬೇರೆ ಕಡೆ ಇಡುತ್ತೇನೆ ಅಂತಲೂ ಸೇರಿಸಿದ. ಈ ಸಲ ಒಂದು ಕಡೆಯೂ ಹೋಯ್ತು ಅನ್ನಲಿಲ್ಲ.

“ಆಮೇಲೆ ಯೋಚ್ನೆ ಮಾಡ್ತೀನಿ,” ಅಂದಳು. “ನಾನೇ ಬಂದು ಹೇಳ್ತೀನಿ.”

ಸಹಿ ಮಾಡಿ, ಫೋನ್ ಕೋಟಿನ ಜೇಬಿಗೆ ಹಾಕಿಕೊಂಡು ಬಾಗಿಲ ತನಕ ಹೋದಳು. ಅವನು ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಅವಳು ದಾಟುವಾಗ ಏನೋ ಅಂದ, ನನಗೆ ಕೇಳಿಸಲಿಲ್ಲ. ಅವಳಿಗೂ ಕೇಳಿಸಲಿಲ್ಲವೋ ಏನೋ, “ಏನು?” ಅಂದಳು.

“ನಂಗೂ ಕಳಿಸ್ತೀಯಾ?”

ಅವಳು ಅವನ ಮುಖವನ್ನು ಆವತ್ತು ಮೊದಲ ಸಲ ನೋಡಿದಳು. ಜೇಬಿನಿಂದ ಫೋನ್ ತೆಗೆದಳು, ಆದರೆ ಕೂಡಲೇ ಕಳಿಸಲಿಲ್ಲ.

“ಅಳಿಸಲ್ಲ ತಾನೇ?” ಅಂದಳು.